ಕಪ್ಪು ಮಲ: ಕಬ್ಬಿಣದ ಮಾತ್ರೆಯದೋ, ರಕ್ತದ್ದೋ?

"ಮೂರು ದಿನದಿಂದ ಕಪ್ಪಗೆ ಹೋಗ್ತಿದೆ" ಎಂದು ಕ್ಯಾಶುವಾಲ್ಟಿಯಲ್ಲಿ ಯಾರಾದರೂ ಹೇಳಿದರೆ ನಾವು ಮತ್ತೆ ಬಣ್ಣದ ವಿಷಯ ಕೆದಕುವುದಿಲ್ಲ. ಕೇಳುವುದೇ ಬೇರೆ. ಅಂಟುತ್ತಾ? ಒಂದು ಚೊಂಬು ನೀರು ಹಾಕಿದರೆ ಹೋಗುತ್ತಾ, ಇಲ್ಲಾ ತಿಕ್ಕಬೇಕಾ? ಹೊಳಪಿದೆಯಾ? ವಾಸನೆ ದಿನಾ ಬರುವಂಥದ್ದೇನಾ? ದಿನಕ್ಕೆ ಎಷ್ಟು ಸಲ ಹೋಗುತ್ತಿದ್ದಾರೆ? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ತೊಂದರೆ ಏನೆಂದರೆ ಉತ್ತರ ಕೊಡಬೇಕಾದವರು ನೋಡಿರುವುದೇ ಇಲ್ಲ. ವಯಸ್ಸಾದವರು ಕತ್ತಲಿರುವಾಗಲೇ ಎದ್ದು ಹೋಗಿ ಬರುತ್ತಾರೆ, ಮನೆಯಲ್ಲಿ ಈ ಮಾತು ಎತ್ತಲು ನಾಚಿಕೊಳ್ಳುತ್ತಾರೆ. ಕೊನೆಗೆ ಕಕ್ಕಸು ತೊಳೆಯುವ ಸೊಸೆಯೋ ಹೆಂಡತಿಯೋ ಹೇಳಿದ ಮೇಲೇ ವಿಷಯ ಹೊರಗೆ ಬರುತ್ತದೆ.

ಎರಡೂ ಕಪ್ಪಾಗುತ್ತವೆ, ಆದರೆ ಕಪ್ಪಾಗುವ ಬಗೆ ಬೇರೆ. ಜಠರದಲ್ಲೋ ಸಣ್ಣ ಕರುಳಿನ ಮೊದಲ ಭಾಗದಲ್ಲೋ ರಕ್ತ ಸುರಿದರೆ ಜಠರದ ಆಮ್ಲವೂ ಕರುಳಿನ ಬ್ಯಾಕ್ಟೀರಿಯಾಗಳೂ ಸೇರಿ ಅದರ ಹಿಮೋಗ್ಲೋಬಿನ್ನನ್ನು ಒಡೆಯುತ್ತವೆ. ಕೆಂಪು ಹೋಗಿ ಕಪ್ಪು ಬರುತ್ತದೆ. ಇದಕ್ಕೆ ಹೆಚ್ಚು ರಕ್ತ ಬೇಕಿಲ್ಲ. 50ರಿಂದ 100 ಮಿಲಿ, ಅಂದರೆ ಒಂದು ಸಣ್ಣ ಕಾಫಿ ಲೋಟದಷ್ಟು ಸಾಕು. ರಕ್ತದಲ್ಲಿ ಪ್ರೋಟೀನು ಬಹಳ. ಅದು ಅರ್ಧಂಬರ್ಧ ಜೀರ್ಣವಾಗಿ ಕೊಳೆತಾಗ ಮಲಕ್ಕೆ ಡಾಂಬರಿನ ಅಂಟು, ಹೊಳಪು ಬರುತ್ತವೆ. ಅದರ ಕಟು ನಾತ ಒಮ್ಮೆ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ವಾರ್ಡಿನ ಬಾಗಿಲಲ್ಲಿ ನಿಂತೇ ನಮ್ಮ ಹಿರಿಯ ಸಿಸ್ಟರ್‌ಗಳು "ಯಾರಿಗೋ ಮೆಲೀನಾ ಆಗಿದೆ" ಎನ್ನುತ್ತಾರೆ. ಮೆಲೀನಾ ಅಂದರೆ ಇದೇ. ಜತೆಗೆ ರಕ್ತ ಕರುಳನ್ನು ಕೆರಳಿಸಿ ಬೇಗ ಮುಂದಕ್ಕೆ ತಳ್ಳುತ್ತದೆ, ಹಾಗಾಗಿ ಮಲ ಸಡಿಲವಾಗಿ ದಿನಕ್ಕೆ ಮೂರು ನಾಲ್ಕು ಸಲ ಹೋಗುವುದೂ ಉಂಟು.

ಕಬ್ಬಿಣದ ಮಾತ್ರೆಯ ಕಪ್ಪಿನಲ್ಲಿ ರಕ್ತದ ಪಾತ್ರ ಇಲ್ಲ. ಗರ್ಭಿಣಿಯರಿಗೆ ಸರ್ಕಾರದಿಂದ ಕೊಡುವ ಕೆಂಪು ಮಾತ್ರೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ದೇಹ ಹೀರಿಕೊಳ್ಳುವುದು ಅದರಲ್ಲೊಂದು ಸಣ್ಣ ಪಾಲನ್ನು ಮಾತ್ರ. ಉಳಿದದ್ದು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಗಂಧಕದ ಜತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ಅದರ ಬಣ್ಣ ಹಸಿರು ಬೆರೆತ ಕಪ್ಪು. ಈ ಮಲ ಗಟ್ಟಿಯಾಗಿ, ಆಕಾರ ಹಿಡಿದು, ಮಂಕಾಗಿ ಇರುತ್ತದೆ. ಕಬ್ಬಿಣ ಹಲವರಿಗೆ ಮಲಬದ್ಧತೆ ತರುವುದರಿಂದ ಎರಡು ದಿನಕ್ಕೊಮ್ಮೆ ಒಣಗಿದ ಉಂಡೆಗಳಂತೆ ಹೋಗುವುದೂ ಇದೆ. ನೀರು ಹಾಕಿದರೆ ಹೋಗುತ್ತದೆ, ವಾಸನೆ ಎಂದಿನದೇ. ಮಾತ್ರೆ ಶುರುಮಾಡಿದ ಒಂದೆರಡು ದಿನದಲ್ಲಿ ಬಣ್ಣ ತಿರುಗುತ್ತದೆ, ನಿಲ್ಲಿಸಿದರೆ ಮೂರರಿಂದ ಐದು ದಿನದಲ್ಲಿ ಮತ್ತೆ ಕಂದಾಗುತ್ತದೆ. ಕೆಲವರಿಗೆ ಕಬ್ಬಿಣ ಭೇದಿಯನ್ನೂ ತರುತ್ತದೆ, ಆದ್ದರಿಂದ ಸಡಿಲವಾಗಿದೆ ಎಂಬ ಒಂದೇ ಕಾರಣಕ್ಕೆ ರಕ್ತ ಎನ್ನಲಾಗದು. ಅಂಟು ಮತ್ತು ನಾತ ಇದ್ದರೆ ಮಾತ್ರ ಹಾಗನ್ನಬಹುದು.

ನೋಡುವುದು ಹೇಗೆ ಎಂದು ಕೇಳುವವರಿಗೆ ನಾವು ಹೇಳುವುದಿಷ್ಟು. ಹಗಲು ಬೆಳಕಿನಲ್ಲಿ, ಬಿಳಿ ಪಿಂಗಾಣಿಯ ಮೇಲೆ ನೋಡಿ. ಹಳದಿ ಬಲ್ಬಿನಡಿ ಗಾಢ ಕಂದು ಕೂಡ ಕಪ್ಪೇ. ಒಂದು ಕಡ್ಡಿಯಿಂದ ಸ್ವಲ್ಪ ತೆಗೆದು ಬಿಳಿ ಕಾಗದದ ಮೇಲೆ ತೆಳ್ಳಗೆ ಎಳೆಯಿರಿ. ತೆಳುವಾದ ಅಂಚಿನಲ್ಲಿ ಹಸಿರು ಛಾಯೆ ಕಂಡರೆ ಕಬ್ಬಿಣದ ಕಡೆಗೆ ವಾಲಬಹುದು. ಎಷ್ಟು ತೆಳ್ಳಗೆ ಎಳೆದರೂ ಕಪ್ಪೇ ಇದ್ದು, ಅಂಚಿಗೆ ಕೆಂಗಂದು ಬಣ್ಣ ಬಂದರೆ ರಕ್ತವೆಂದೇ ಹಿಡಿಯಬೇಕು. ಇದು ಅಂದಾಜಿಗೆ ಮಾತ್ರ, ತೀರ್ಪಲ್ಲ. ಹಸಿರು ಕಂಡಿತು ಅಂತ ತಲೆಸುತ್ತು ಬಂದವರನ್ನು ಮನೆಯಲ್ಲಿ ಮಲಗಿಸಿಕೊಂಡು ಕೂರಬಾರದು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಬನ್ನಿ, ಅದರಲ್ಲಿ ಅಸಹ್ಯಪಡುವಂಥದ್ದೇನೂ ಇಲ್ಲ. ಬಾಯಲ್ಲಿ ಹೇಳುವ "ಕಪ್ಪು" ಎಂಬ ಮಾತಿಗಿಂತ ಆ ಫೋಟೋ ನಮಗೆ ಎಷ್ಟೋ ಮೇಲು.

ಊಟದಿಂದ ಬರುವ ಬಣ್ಣವನ್ನು ಬೇಗ ಹೇಳಿ ಮುಗಿಸಬಹುದು. ರಾಗಿ ಮುದ್ದೆ ಮಲವನ್ನು ಗಾಢ ಕಂದು ಮಾಡುತ್ತದೆ, ಡಾಂಬರು ಮಾಡುವುದಿಲ್ಲ. ಬುಟ್ಟಿಗಟ್ಟಲೆ ನೇರಳೆ ಹಣ್ಣು ತಿಂದರೆ, ದಂಟಿನ ಸೊಪ್ಪು ಪಾಲಕ್ ಸೊಪ್ಪು ದಿನಾ ತಿಂದರೆ ನೀಲಿಗಪ್ಪೋ ಕಡು ಹಸಿರೋ ಬರುತ್ತದೆ, ತಿನ್ನುವುದು ಬಿಟ್ಟ ಒಂದೆರಡು ದಿನಕ್ಕೆ ಹೋಗುತ್ತದೆ. ಬೀಟ್‌ರೂಟ್ ಕೆಂಪು ಮಾಡುತ್ತದೆ, ಕಪ್ಪಲ್ಲ. ಒಂದೇ ಒಂದು ಅಡುಗೆ ನಿಜಕ್ಕೂ ದಾರಿ ತಪ್ಪಿಸುತ್ತದೆ: ಹಬ್ಬದಲ್ಲಿ ಕುರಿ ಕಡಿದಾಗ ಮಾಡುವ ರಕ್ತದ ಪಲ್ಯ. ಅದೂ ರಕ್ತವೇ ಆದ್ದರಿಂದ ಮಲವೂ ಕಪ್ಪಾಗುತ್ತದೆ, ಮಲದಲ್ಲಿ ರಕ್ತ ಹುಡುಕುವ ಹಳೇ ಬಗೆಯ ಪರೀಕ್ಷೆಯೂ ರಕ್ತ ಇದೆ ಎನ್ನುತ್ತದೆ. ಹಾಗಾಗಿ ಮಾರಿಹಬ್ಬ ಆಗಿ ಎರಡು ದಿನದಲ್ಲಿ ಬಂದವರಿಗೆ ಊಟದಲ್ಲಿ ಏನಿತ್ತು ಎಂದು ಕೇಳುವುದು ನಮ್ಮಲ್ಲಿ ವಾಡಿಕೆ. ಇನ್ನು, ಮೂಗಿನಿಂದ ಜೋರಾಗಿ ರಕ್ತ ಸುರಿದು ಅದನ್ನು ನುಂಗಿದವರಿಗೂ ಮರುದಿನ ಕಪ್ಪಗೆ ಹೋಗುತ್ತದೆ. ಹುಟ್ಟಿದ ಕೂಸಿಗೆ ಮೊದಲ ಎರಡು ಮೂರು ದಿನ ಅಂಟಂಟಾಗಿ ಕರಿ ಹಸಿರು ಮಲ ಹೋಗುವುದು ಸಹಜ, ಅದು ಬೇರೆಯೇ ಲೆಕ್ಕ.

ಇಷ್ಟು ಸಲೀಸಾಗಿ ಬೇರ್ಪಡಿಸಬಹುದಾದರೆ ಎಡವಟ್ಟಾಗುವುದೆಲ್ಲಿ? ಒಬ್ಬರಲ್ಲೇ ಎರಡೂ ಇದ್ದಾಗ. ನಾವು ಮತ್ತೆ ಮತ್ತೆ ನೋಡುವ ಬಗೆ ಒಂದಿದೆ, ಅದನ್ನೇ ಮೊದಲಿಂದ ಕೊನೆಯವರೆಗೆ ಹೇಳುತ್ತೇವೆ.

64 ವರ್ಷದ ರೈತರು. ನಾಲ್ಕು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ದಿನಾ 75 ಮಿಲಿಗ್ರಾಂ ಆಸ್ಪಿರಿನ್. ಮಂಡಿ ನೋವಿಗೆ ಮೆಡಿಕಲ್ ಸ್ಟೋರಿನಿಂದ ಅಸೆಕ್ಲೋಫೆನಾಕ್ ತಂದು ಎರಡು ತಿಂಗಳಿಂದ ಹೊತ್ತಿಗೊಂದು ನುಂಗುತ್ತಿದ್ದಾರೆ. ಸುಸ್ತು ಎಂದು ತೋರಿಸಿಕೊಂಡಾಗ ಹಿಮೋಗ್ಲೋಬಿನ್ 10.6 ಬಂದಿದೆ, ಕಬ್ಬಿಣದ ಮಾತ್ರೆ ಬರೆದಿದ್ದಾರೆ. "ಮಲ ಕಪ್ಪಗೆ ಹೋಗುತ್ತೆ, ಹೆದರಬೇಡಿ" ಎಂದೂ ಹೇಳಿ ಕಳಿಸಿದ್ದಾರೆ. ಮೂರು ವಾರ ಹಾಗೇ ಆಯಿತು: ಗಟ್ಟಿ, ಹಸಿರುಗಪ್ಪು, ದಿನಕ್ಕೊಂದು ಸಲ. ಆಮೇಲೆ ಎರಡು ದಿನದಿಂದ ಬೇರೆ ಥರ.

"ಕಬ್ಬಿಣದ ಮಾತ್ರೆ ತಗೋತಾವ್ರೆ ಸಾರ್, ಅದಕ್ಕೇ ಕಪ್ಪು. ಡಾಕ್ಟ್ರೇ ಹೇಳವ್ರೆ," ಎಂದು ಮಗ.

"ಕಪ್ಪು ಆಗ್ಲೂ ಇತ್ತು. ಇದು ಹಂಗಲ್ಲ," ಎಂದು ಪಕ್ಕದಲ್ಲಿದ್ದ ಸೊಸೆ. "ಮೂರು ಬಕೀಟು ನೀರು ಹಾಕಿದ್ರೂ ಹೋಗ್ನಿಲ್ಲ, ಪೊರಕೇಲಿ ಉಜ್ಜಬೇಕಾಯ್ತು. ವಾಸನೆ ತಡಿಯಕ್ಕಾಗ್ನಿಲ್ಲ. ಮಾವ ಬೆಳಗ್ಗೆ ಎದ್ದು ನಿಂತ್ಕಂಡ್ರೆ ಕಣ್ಣು ಮಂಜಾಯ್ತು ಅಂತ ಗೋಡೆ ಹಿಡ್ಕಂಡ್ರು."

ರೋಗ ಪತ್ತೆಯಾದದ್ದು ಇಲ್ಲೇ. ಮಾತ್ರೆ ಬದಲಾಗಿಲ್ಲ, ಮಲ ಬದಲಾಗಿದೆ. ಕಬ್ಬಿಣ ತಿನ್ನುವವರಲ್ಲಿ ನೋಡಬೇಕಾದದ್ದು ಕಪ್ಪು ಇದೆಯೋ ಇಲ್ಲವೋ ಎಂಬುದನ್ನಲ್ಲ, ಇಷ್ಟು ದಿನ ಇದ್ದ ಕಪ್ಪು ಈಗ ಬೇರೆಯಾಯಿತೇ ಎಂಬುದನ್ನು. ಹಾಗೆಯೇ ಇನ್ನೊಂದು ಪ್ರಶ್ನೆ ಮೂರು ವಾರದ ಹಿಂದೆಯೇ ಏಳಬೇಕಿತ್ತು: ಮುಟ್ಟಿನ ರಕ್ತ ಹೋಗದ, ಹೆರಿಗೆಯಾಗದ, ಅರವತ್ತು ದಾಟಿದ ಗಂಡಸಿಗೆ ಕಬ್ಬಿಣ ಕಡಿಮೆಯಾದದ್ದು ಯಾಕೆ? ಇಂಥವರಲ್ಲಿ ಹೊಟ್ಟೆಯಿಂದ ಸೋರುವ ರಕ್ತವೇ ಮೊದಲ ಅನುಮಾನ. ಹುಣ್ಣು ಇರಬಹುದು, ದೊಡ್ಡ ಕರುಳಿನ ಗಂಟೂ ಇರಬಹುದು. ದಿನಾ ಸ್ವಲ್ಪ ಸ್ವಲ್ಪ ಸೋರಿದರೆ ಮಲದ ಬಣ್ಣ ತಿರುಗುವುದೇ ಇಲ್ಲ, ರಕ್ತಹೀನತೆ ಮಾತ್ರ ಕಾಣುತ್ತದೆ. ಕಾರಣ ಹುಡುಕದೆ ಕಬ್ಬಿಣ ಬರೆದರೆ, ಮುಂದೆ ಜೋರಾಗಿ ಸುರಿದಾಗ ಅದರ ಗುರುತನ್ನೂ ಅದೇ ಮಾತ್ರೆ ಮುಚ್ಚಿಬಿಡುತ್ತದೆ.

ಹೊಟ್ಟೆನೋವು ಇರಲಿಲ್ಲವಾ ಎಂದು ಮನೆಯವರು ಅಚ್ಚರಿಪಡುತ್ತಾರೆ. ಇರಲಿಲ್ಲ. ನೋವಿನ ಮಾತ್ರೆಯಿಂದಾದ ಹುಣ್ಣು, ಅದರಲ್ಲೂ ವಯಸ್ಸಾದವರಲ್ಲಿ, ಎಷ್ಟೋ ಸಲ ನೋವೇ ಇಲ್ಲದೆ ನೇರವಾಗಿ ರಕ್ತ ಸುರಿಸುತ್ತದೆ. ನೋವಿಲ್ಲ ಎಂದು ಸಮಾಧಾನಪಡುವಂತಿಲ್ಲ.

ಮಂಚದ ಮೇಲೆ ಮಲಗಿಸಿ ನೋಡಿದಾಗ ನಾಡಿ ನಿಮಿಷಕ್ಕೆ 112, ಬಿಪಿ 104/68. ಎದ್ದು ಕೂರಿಸಿದರೆ ಬಿಪಿಯ ಮೇಲಿನ ಅಂಕಿ 84ಕ್ಕೆ ಇಳಿದು ತಲೆ ತಿರುಗಿತು. ಮಲಗಿ ಎದ್ದಾಗ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ರಕ್ತನಾಳಗಳಲ್ಲಿ ತುಂಬಿರಬೇಕಾದಷ್ಟು ರಕ್ತ ಇಲ್ಲ ಎಂದರ್ಥ. ಕೈಕಾಲು ತಣ್ಣಗಿದ್ದವು, ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚು. ಇಲ್ಲೊಂದು ಎಚ್ಚರಿಕೆ: ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಬಿಪಿ ಮಾತ್ರೆ ತಿನ್ನುವವರಲ್ಲಿ ರಕ್ತ ಹೋದರೂ ನಾಡಿ ಏರುವುದಿಲ್ಲ. ನಾಡಿ 80 ಇದೆ, ಗಾಬರಿಯಿಲ್ಲ ಎನ್ನುವ ಮೊದಲು ಮಾತ್ರೆಯ ಸ್ಟ್ರಿಪ್ ನೋಡಬೇಕು. ಅದಕ್ಕೇ ಮನೆಯಲ್ಲಿ ತಿನ್ನುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿಗೆ ಹಾಕಿ ತನ್ನಿ ಎನ್ನುವುದು. ಮಂಡಿಗೆ ತಂದದ್ದು, ಟಾನಿಕ್ಕು, ಹಳ್ಳಿಯಲ್ಲಿ ಕೊಟ್ಟ ಪುಡಿ, ಎಲ್ಲವೂ ಇರಲಿ.

ಆಮೇಲೆ ಕೈಗವಸಿನ ಬೆರಳಿನಲ್ಲಿ ಗುದದ್ವಾರದ ಪರೀಕ್ಷೆ. ಅರ್ಧ ನಿಮಿಷದ ಕೆಲಸ, ಸಂಕೋಚ ಬಿಟ್ಟರೆ ಕಷ್ಟವೇನಿಲ್ಲ. ಕಬ್ಬಿಣವೋ ರಕ್ತವೋ ಎಂಬ ಪ್ರಶ್ನೆಗೆ ಇದಕ್ಕಿಂತ ಬೇಗ ಉತ್ತರ ಕೊಡುವ ಪರೀಕ್ಷೆ ಇನ್ನೊಂದಿಲ್ಲ. ಇವರಲ್ಲಿ ಕೈಗವಸಿಗೆ ಅಂಟಿಕೊಂಡದ್ದು ಹೊಳೆಯುವ ಕಪ್ಪು, ಗಾಜ್ ಬಟ್ಟೆಗೆ ಒರೆಸಿದರೆ ಅಂಚಿನಲ್ಲಿ ಕೆಂಗಂದು ಗೆರೆ. ಅಷ್ಟು ಸಾಕು.

ಲ್ಯಾಬಿನಲ್ಲಿ ಮಲ ಪರೀಕ್ಷೆ ಮಾಡಿಸೋಣ ಎಂದು ಮಗ ಕೇಳಿದ. ಬೇಡ ಎಂದೆವು, ಕಾರಣ ಹೇಳಲೇಬೇಕು. ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆಯಲ್ಲಿ ಎರಡು ಬಗೆ. ಹೊಸದು ಮನುಷ್ಯರ ಹಿಮೋಗ್ಲೋಬಿನ್ನಿನ ಪ್ರೋಟೀನನ್ನು ಹುಡುಕುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಹುಡುಕಲು ಅದು ಒಳ್ಳೆಯದೇ. ಆದರೆ ಜಠರದಿಂದ ಬಂದ ರಕ್ತದ ಆ ಪ್ರೋಟೀನು ದಾರಿಯಲ್ಲೇ ಜೀರ್ಣವಾಗಿರುತ್ತದೆ, ಹಾಗಾಗಿ ಜೋರಾಗಿ ರಕ್ತ ಹೋಗುತ್ತಿದ್ದರೂ 'ನೆಗೆಟಿವ್' ಬರಬಹುದು. ಹಳೆಯ ಬಗೆ ಮಾಂಸದೂಟಕ್ಕೂ ಪಾಸಿಟಿವ್ ಆಗುತ್ತದೆ. ಡಾಂಬರಿನಂಥ ಮಲ ಕಣ್ಣೆದುರಿಗಿರುವಾಗ ನೆಗೆಟಿವ್ ಚೀಟಿ ಹಿಡಿದು ಮನೆಗೆ ಹೋಗುವುದಕ್ಕಿಂತ ಕೆಟ್ಟದ್ದಿಲ್ಲ.

ನಿಜಕ್ಕೂ ಬೇಕಾದದ್ದು ರಕ್ತ ಪರೀಕ್ಷೆ. ಅದರಲ್ಲೂ ಒಂದು ಮೋಸವಿದೆ. ಇವರ ಹಿಮೋಗ್ಲೋಬಿನ್ 9.8 ಬಂತು. "ಮೂರು ವಾರದ ಹಿಂದೆ 10.6, ಬರೀ 0.8 ಕಮ್ಮಿ ಆಗಿದೆಯಲ್ಲ" ಎನಿಸುತ್ತದೆ. ರಕ್ತ ಸುರಿದಾಗ ಕೆಂಪು ಕಣವೂ ನೀರಿನಂಶವೂ ಒಟ್ಟೊಟ್ಟಿಗೇ ಹೋಗುತ್ತವೆ, ಉಳಿದ ರಕ್ತದ ಸಾಂದ್ರತೆ ತಕ್ಷಣಕ್ಕೆ ಬದಲಾಗುವುದಿಲ್ಲ. ದೇಹ ತನ್ನ ನೀರನ್ನು ರಕ್ತನಾಳಕ್ಕೆ ಎಳೆದುಕೊಂಡ ಮೇಲೆ, ನಾವು ಸಲೈನ್ ಕೊಟ್ಟ ಮೇಲೆ, ಒಂದು ದಿನದೊಳಗೆ ಅಂಕಿ ಇಳಿಯುತ್ತದೆ. ಇವರದು ಮರುದಿನ ಬೆಳಗ್ಗೆ 7.6 ಆಯಿತು. ಅದು ಹೊಸದಾಗಿ ರಕ್ತ ಸುರಿದದ್ದರಿಂದಲ್ಲ, ಹಿಂದಿನ ದಿನ ಹೋದದ್ದರ ನಿಜವಾದ ಲೆಕ್ಕ ಆಗ ಸಿಕ್ಕಿತು, ಅಷ್ಟೇ. ಹಾಗಾಗಿ ಮೊದಲ ಹಿಮೋಗ್ಲೋಬಿನ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಮನೆಗೆ ಕಳಿಸಬಾರದು.

ಅದೇ ಚೀಟಿಯಲ್ಲಿ ಹೆಚ್ಚಿನವರು ನೋಡದ ಇನ್ನೊಂದು ಅಂಕಿ ಇತ್ತು: ಯೂರಿಯಾ 78, ಕ್ರಿಯಾಟಿನಿನ್ 1.0. ಕಿಡ್ನಿ ಕೆಟ್ಟಿದ್ದರೆ ಎರಡೂ ಏರಬೇಕು. ಯೂರಿಯಾ ಒಂದೇ ಏರಿದ್ದರೆ, ಕರುಳಿಗೆ ಇಳಿದ ರಕ್ತದ ಪ್ರೋಟೀನು ಜೀರ್ಣವಾಗಿ ಯೂರಿಯಾ ಆಗುತ್ತಿದೆ, ಜತೆಗೆ ರಕ್ತದ ಪ್ರಮಾಣ ತಗ್ಗಿ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕುತ್ತಿಲ್ಲ ಎಂದು ಊಹಿಸಬಹುದು. ಕಬ್ಬಿಣದ ಮಾತ್ರೆ ಯೂರಿಯಾ ಏರಿಸುವುದಿಲ್ಲ. ನಾಡಿ, ಬಿಪಿ, ಹಿಮೋಗ್ಲೋಬಿನ್, ಯೂರಿಯಾ, ಕಪ್ಪು ಮಲ, ಎಚ್ಚರ ತಪ್ಪಿದ್ದು, ಲಿವರ್ ಮತ್ತು ಹೃದಯದ ತೊಂದರೆ, ಇಷ್ಟನ್ನು ಕೂಡಿಸಿ ಅಂಕ ಕೊಡುವ ಪದ್ಧತಿಗೆ ಗ್ಲಾಸ್ಗೋ-ಬ್ಲಾಚ್‌ಫೋರ್ಡ್ ಸ್ಕೋರ್ ಎನ್ನುತ್ತಾರೆ. 0 ಅಥವಾ 1 ಬಂದವರನ್ನು ಹೊರರೋಗಿಯಾಗಿಯೇ ನೋಡಬಹುದು. ಇವರದು 13. ಅಡ್ಮಿಟ್ ಮಾಡುವ ವಿಷಯದಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ.

ಎರಡು ಕೈಗೂ ದಪ್ಪ ಸೂಜಿಯ ಕ್ಯಾನುಲಾ ಹಾಕಿ ಸಲೈನ್ ಶುರು, ಬ್ಲಡ್ ಗ್ರೂಪ್ ಮತ್ತು ಕ್ರಾಸ್ ಮ್ಯಾಚ್‌ಗೆ ಸ್ಯಾಂಪಲ್, ಪ್ಯಾಂಟೊಪ್ರಜೋಲ್ 80 ಮಿಲಿಗ್ರಾಂ ನರಕ್ಕೆ. ಆಮ್ಲ ತಗ್ಗಿದರೆ ಹುಣ್ಣಿನ ಮೇಲೆ ಕಟ್ಟಿದ ರಕ್ತದ ಹೆಪ್ಪು ಕರಗದೆ ನಿಲ್ಲುತ್ತದೆ. ಬಾಯಿಗೆ ಊಟ ಇಲ್ಲ. ರಕ್ತ ಕೊಡುವ ವಿಷಯದಲ್ಲಿ ಮನೆಯವರಿಗೂ ನಮಗೂ ಜಗ್ಗಾಟ ಆಗುವುದುಂಟು. ಸಾಮಾನ್ಯವಾಗಿ ಹಿಮೋಗ್ಲೋಬಿನ್ 7ಕ್ಕಿಂತ ಇಳಿದರೆ ಕೊಡುತ್ತೇವೆ, ಹೃದಯದ ಕಾಯಿಲೆ ಇದ್ದವರಿಗೆ 8ಕ್ಕೇ. ಇವರಿಗೆ ಸ್ಟೆಂಟ್ ಇದೆ, ಅಂಕಿ 7.6, ಒಂದು ಬಾಟಲಿ ಕೊಟ್ಟೆವು. ಒಂದು ಬಾಟಲಿಗೆ ಸುಮಾರು 1 ಗ್ರಾಂ ಏರುತ್ತದೆ. "ಇನ್ನೂ ಎರಡು ಕೊಟ್ಬಿಡಿ, ಶಕ್ತಿ ಬರ್ಲಿ" ಎಂದರೆ ಒಪ್ಪುವುದಿಲ್ಲ, ಬೇಡದ ರಕ್ತವೂ ಹೊರೆಯೇ.

ಎಂಡೋಸ್ಕೋಪಿ 24 ಗಂಟೆಯೊಳಗೆ. ಬಂದ ಅರ್ಧ ಗಂಟೆಗೇ ಮಾಡಬೇಕೆಂದು ಹಟ ಹಿಡಿಯುವವರಿದ್ದಾರೆ. ಬಿಪಿ ನಿಲ್ಲದವರಿಗೆ ಮೊದಲು ಸಲೈನ್, ರಕ್ತ ಕೊಟ್ಟು ಸ್ಥಿಮಿತಕ್ಕೆ ತಂದು ಆಮೇಲೆ ಕ್ಯಾಮೆರಾ ಇಳಿಸುವುದೇ ಕ್ಷೇಮ. ಲಿವರ್ ಸಿರೋಸಿಸ್ ಇದ್ದು ಅನ್ನನಾಳದ ಉಬ್ಬಿದ ನರಗಳಿಂದ ರಕ್ತ ಬರುತ್ತಿದೆ ಎಂಬ ಗುಮಾನಿ ಇದ್ದರೆ ಮಾತ್ರ ಗಡುವು 12 ಗಂಟೆಗೆ ಇಳಿಯುತ್ತದೆ, ಔಷಧಿಯೂ ಬೇರೆ. ಅದಕ್ಕೇ ಕುಡಿತದ ಚಟ, ಹಳೆಯ ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು, ಇವನ್ನೆಲ್ಲ ಮುಚ್ಚಿಡದೆ ಮೊದಲೇ ಹೇಳಬೇಕು.

ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ ಟ್ಯೂಬ್ ಇಳಿಸಿದಾಗ ಜಠರದಲ್ಲಿ ಕಾಫಿ ಚರಟದಂಥ ಹಳೆಯ ರಕ್ತ. ಅದನ್ನು ಹೀರಿ ತೊಳೆದ ಮೇಲೆ ಡ್ಯುವೋಡಿನಮ್ಮಿನ, ಅಂದರೆ ಜಠರ ದಾಟಿದೊಡನೆ ಸಿಗುವ ಸಣ್ಣ ಕರುಳಿನ, ಮೊದಲ ಭಾಗದಲ್ಲಿ ಸುಮಾರು ಒಂದು ಸೆಂಟಿಮೀಟರಿನ ಹುಣ್ಣು, ಬುಡದಲ್ಲಿ ಕೆಂಪಗೆ ಎದ್ದು ನಿಂತ ರಕ್ತನಾಳದ ತುದಿ. ಆ ಹೊತ್ತಿಗೆ ರಕ್ತ ನಿಂತಿತ್ತು. ಆದರೆ ಇಂಥ ತುದಿ ಕಂಡರೆ ಹಾಗೇ ಬಿಡುವುದಿಲ್ಲ, ಮತ್ತೆ ಸುರಿಯುವ ಸಾಧ್ಯತೆ ಹೆಚ್ಚು. ಹುಣ್ಣಿನ ಸುತ್ತ ತೆಳು ಮಾಡಿದ ಅಡ್ರಿನಲಿನ್ ಚುಚ್ಚಿ, ನಾಳದ ಮೇಲೆ ಎರಡು ಲೋಹದ ಕ್ಲಿಪ್ ಹಾಕಿದರು. ಜಠರದಿಂದ ಚೂರು ತೆಗೆದು, ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಗೂ ಕಳಿಸಿದರು. ಆಮೇಲೆ 72 ಗಂಟೆ ಪ್ಯಾಂಟೊಪ್ರಜೋಲ್ ಡ್ರಿಪ್, ಗಂಟೆಗೆ 8 ಮಿಲಿಗ್ರಾಂ.

ಎಂಡೋಸ್ಕೋಪಿ ಆದ ಮರುದಿನ ಮತ್ತೆ ಕಪ್ಪು ಮಲ ಹೋಯಿತು, ಮನೆಯವರು ಕಂಗಾಲು. ಮೇಲಿನಿಂದ ಇಳಿದ ರಕ್ತ ಪೂರ್ತಿ ಹೊರಗೆ ಹೋಗಲು ಮೂರರಿಂದ ಐದು ದಿನ ಬೇಕು, ಅಷ್ಟು ದಿನ ಕಪ್ಪು ಇರುವುದು ನಿರೀಕ್ಷಿತವೇ. ಅಂಟು ಕಡಿಮೆಯಾಗುತ್ತಾ, ಸಲ ಕಡಿಮೆಯಾಗುತ್ತಾ ಬಂದರೆ ಸರಿ. ನಾಡಿ ಮತ್ತೆ ಏರಿದರೆ, ಕೆಂಪು ರಕ್ತ ವಾಂತಿಯಾದರೆ, ಕೊಟ್ಟ ರಕ್ತ ನಿಲ್ಲದೆ ಹಿಮೋಗ್ಲೋಬಿನ್ ಇಳಿದರೆ, ಗಂಟೆಗಂಟೆಗೂ ನೀರಾಗಿ ಕಪ್ಪಗೆ ಹೋದರೆ ಮತ್ತೆ ಸುರಿಯುತ್ತಿದೆ ಎಂದು ತಿಳಿಯುತ್ತೇವೆ.

ಮನೆಯಿಂದ ಆಸ್ಪತ್ರೆಗೆ ಬರುವವರೆಗಿನ ಹೊತ್ತಿನ ಬಗ್ಗೆ ಹೇಳಲೇಬೇಕು, ಕೆಡುವುದು ಅಲ್ಲೇ ಹೆಚ್ಚು. ಕಪ್ಪು ಮಲ ಅಂಟಾಗಿದ್ದು ನಾತ ಬೇರೆಯಾಗಿದ್ದರೆ, ಬೇರೆ ತೊಂದರೆ ಏನೂ ಇಲ್ಲದಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ಬಿಡಬಾರದು. ಜತೆಗೆ ಎದ್ದಾಗ ತಲೆಸುತ್ತು, ಎಚ್ಚರ ತಪ್ಪುವುದು, ತಣ್ಣನೆ ಬೆವರು, ಎದೆ ಡವಗುಟ್ಟುವುದು, ಉಸಿರು ಕಟ್ಟುವುದು, ಎದೆನೋವು, ರಕ್ತವೋ ಕಾಫಿ ಚರಟದಂಥದ್ದೋ ವಾಂತಿ, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ರಕ್ತ ತೆಳು ಮಾಡುವ ಮಾತ್ರೆ, ನೋವಿನ ಮಾತ್ರೆ ತಿನ್ನುವವರು, ಲಿವರ್ ಕಾಯಿಲೆಯವರು, ಹಿಂದೆ ಹುಣ್ಣಾಗಿದ್ದವರು ಇನ್ನೂ ಬೇಗ ಹೊರಡಬೇಕು. ಬೈಕಿನ ಹಿಂದೆ ಕೂರಿಸಿಕೊಂಡು ಬರಬೇಡಿ, ಕೂತಲ್ಲೇ ಬಿಪಿ ಬಿದ್ದು ದಾರಿಯಲ್ಲಿ ಉರುಳಿದವರಿದ್ದಾರೆ. ಮಲಗಿಸಿಯೇ ಕರೆತನ್ನಿ. ತಣ್ಣನೆ ಹಾಲು, ಮಜ್ಜಿಗೆ, ಗ್ಯಾಸಿನ ಸಿರಪ್ ಕೊಟ್ಟು ಬೆಳಗಾಗಲಿ ಎಂದು ಕಾಯುವುದರಿಂದ ರಕ್ತ ನಿಲ್ಲುವುದಿಲ್ಲ, ಹೊಟ್ಟೆ ತುಂಬಿ ಎಂಡೋಸ್ಕೋಪಿ ಕಷ್ಟವಾಗುತ್ತದೆ. ನೋವಿನ ಮಾತ್ರೆಯನ್ನು ಆಗಲೇ ನಿಲ್ಲಿಸಿ. ಸ್ಟೆಂಟ್ ಇದ್ದವರು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಬಿಡುವ ತೀರ್ಮಾನವನ್ನು ತಾವೇ ಮಾಡಬಾರದು, ಅದು ಬಂದ ಮೇಲೆ ವೈದ್ಯರು ನೋಡುವ ವಿಷಯ. ಇವರಿಗೆ ಆಸ್ಪಿರಿನ್ನನ್ನು ಕ್ಲಿಪ್ ಹಾಕಿದ ಮೂರನೇ ದಿನಕ್ಕೆ ಪ್ಯಾಂಟೊಪ್ರಜೋಲ್ ಜತೆ ಮತ್ತೆ ಶುರುಮಾಡಿದೆವು. ಹೆಚ್ಚು ದಿನ ಬಿಟ್ಟರೆ ಹೃದಯದ ಕಡೆಯಿಂದ ಅಪಾಯ.

ಇನ್ನೊಂದು ಕಡೆ, ಕಬ್ಬಿಣ ತಿನ್ನುವ ಬಸುರಿ ಹೆಣ್ಣುಮಗಳಿಗೆ ಗಟ್ಟಿಯಾದ ಹಸಿರುಗಪ್ಪು ಮಲ ಹೋಗುತ್ತಿದ್ದು ಆರಾಮಾಗಿ ಓಡಾಡಿಕೊಂಡಿದ್ದರೆ ಯಾವ ಪರೀಕ್ಷೆಯೂ ಬೇಡ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆಯನ್ನು ಹೆದರಿ ಬಿಸಾಡುವವರನ್ನು ನಾವು ನೋಡುತ್ತೇವೆ, ಅದರಿಂದ ಹೆರಿಗೆಯಲ್ಲಿ ಆಗುವ ತೊಂದರೆ ಈ ಬಣ್ಣದ ಭಯಕ್ಕಿಂತ ದೊಡ್ಡದು. ಅನುಮಾನ ಇದ್ದು ಬೇರೆ ತೊಂದರೆ ಏನೂ ಇಲ್ಲದಿದ್ದರೆ ವೈದ್ಯರಿಗೆ ತಿಳಿಸಿ ಐದು ದಿನ ಮಾತ್ರೆ ನಿಲ್ಲಿಸಿ ನೋಡಬಹುದು. ಬಣ್ಣ ಕಂದಿಗೆ ತಿರುಗದಿದ್ದರೆ ಮುಂದಿನ ಪರೀಕ್ಷೆ ಮಾಡಿಸಬೇಕು. ಅಂಟು ಮಲ ಇರುವವರು ಮಾತ್ರ ಈ ಐದು ದಿನದ ಪರೀಕ್ಷೆಗೆ ಕೈಹಾಕಬಾರದು.

ಇವರು ಡಿಸ್ಚಾರ್ಜ್ ಆಗುವಾಗ ಹಿಮೋಗ್ಲೋಬಿನ್ 8.7. ಹೆಲಿಕೋಬ್ಯಾಕ್ಟರ್ ಪಾಸಿಟಿವ್ ಬಂದಿತ್ತು. ನೆಗೆಟಿವ್ ಬಂದಿದ್ದರೂ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಬೇಕಾಗುತ್ತಿತ್ತು, ರಕ್ತ ಸುರಿಯುತ್ತಿರುವಾಗ ಮಾಡಿದ ಪರೀಕ್ಷೆ ಕೈಕೊಡುತ್ತದೆ. ಅದಕ್ಕೆ 14 ದಿನದ ಔಷಧಿ, ಅದರಲ್ಲಿ ಬಿಸ್ಮತ್ ಮಾತ್ರೆಯೂ ಒಂದು. ಬಿಸ್ಮತ್ ಕೂಡ ಕರುಳಿನ ಗಂಧಕದ ಜತೆ ಸೇರಿ ಮಲವನ್ನು ಕಪ್ಪು ಮಾಡುತ್ತದೆ, ಕೆಲವರ ನಾಲಿಗೆಯೂ ಕಪ್ಪಾಗುತ್ತದೆ. ಹಾಗಾಗಿ ಬಿಸ್ಮತ್ತನ್ನೂ ಕಬ್ಬಿಣವನ್ನೂ ಒಟ್ಟಿಗೆ ಶುರುಮಾಡಲಿಲ್ಲ. ಮೊದಲು ಬಿಸ್ಮತ್ ಇರುವ 14 ದಿನ ಮುಗಿಸಿ, ಆಮೇಲೆ ಕಬ್ಬಿಣ. ಎರಡೂ ಕಪ್ಪು ಮಾಡುವ ಮಾತ್ರೆಗಳೇ, ಒಟ್ಟಿಗೆ ಕೊಟ್ಟರೆ ಯಾವುದರಿಂದ ಏನಾಯಿತೆಂದು ಹೇಳಲು ಬರುವುದಿಲ್ಲ. ಅಸೆಕ್ಲೋಫೆನಾಕ್ ಇನ್ನು ಮುಟ್ಟುವಂತಿಲ್ಲ, ಮಂಡಿಗೆ ಪ್ಯಾರಾಸಿಟಮಾಲ್ ಮತ್ತು ಹಚ್ಚುವ ಮುಲಾಮು.

ಸೊಸೆಗೆ ಹೇಳಿದ್ದು ಇಷ್ಟು: "ಕಪ್ಪಗೆ ಹೋಗೋದು ಇನ್ನೂ ಕೆಲವು ತಿಂಗಳು ಇರತ್ತಮ್ಮ. ನೀರು ಹಾಕಿದ್ರೆ ಹೋಗ್ತಿದ್ರೆ ಸುಮ್ನಿರಿ. ಪೊರಕೆ ಹಿಡೀಬೇಕಾಯ್ತು ಅಂದ್ರೆ ಅವತ್ತೇ ಕರ್ಕೊಂಡು ಬನ್ನಿ." ಕಬ್ಬಿಣವನ್ನು ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ತಿನ್ನಬೇಕು, ಖಾಲಿಯಾದ ಉಗ್ರಾಣ ತುಂಬಲು ಅಷ್ಟು ಬೇಕು. ಹಿಮೋಗ್ಲೋಬಿನ್ ನಾಲ್ಕು ವಾರಕ್ಕೆ 2 ಗ್ರಾಂನಷ್ಟಾದರೂ ಏರದಿದ್ದರೆ ಮಾತ್ರೆ ಸರಿಯಾಗಿ ತಿನ್ನುತ್ತಿಲ್ಲ, ಇಲ್ಲವೇ ಎಲ್ಲೋ ಇನ್ನೂ ಸೋರುತ್ತಿದೆ. ಅವರ ವಯಸ್ಸಿಗೆ ದೊಡ್ಡ ಕರುಳಿನ ಕೊಲೊನೋಸ್ಕೋಪಿಯನ್ನೂ ಬರೆದುಕೊಟ್ಟೆವು, ಮೇಲೆ ಒಂದು ಹುಣ್ಣು ಸಿಕ್ಕಿತು ಎಂದ ಮಾತ್ರಕ್ಕೆ ಕೆಳಗೆ ಏನೂ ಇಲ್ಲ ಎನ್ನಲಾಗದು. ಅದಕ್ಕೆ ಒಂದು ವಾರ ಮುಂಚೆ ಕಬ್ಬಿಣ ನಿಲ್ಲಿಸಿರಬೇಕು. ಇಲ್ಲದಿದ್ದರೆ ಆ ಕಪ್ಪು ಕರುಳಿನ ಗೋಡೆಗೆ ಮೆತ್ತಿಕೊಂಡು ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ, ಹೊಟ್ಟೆ ತೊಳೆಯುವ ಔಷಧಿ ಕುಡಿದ ಪಾಡೆಲ್ಲ ವ್ಯರ್ಥವಾಗಿ ಇನ್ನೊಂದು ದಿನ ಬರಬೇಕಾಗುತ್ತದೆ.